ಹೊಲ ನಿಂದು, ನೀರೂ ನಿಂದೇ?

ಸುತ್ತುತ್ತಿರುವ ಸಂದೇಶ: “ನಮ್ಮ ಕಲ್ಯಾಣದಲ್ಲೇ ಬರೆದ ಮಿತಾಕ್ಷರದ ಪ್ರಕಾರ ಹೊಲದ ಮಾಲೀಕ ಬೇಡ ಅಂದ್ರೆ ಅಲ್ಲಿ ಯಾರೂ ಒಡ್ಡು ಹಾಕಂಗಿಲ್ಲ, ಬಾವಿ ತೋಡಂಗಿಲ್ಲ.”

ಸತ್ಯಾಂಶ: ಊರಿನ ಮಾತು ಸರಿ. ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ನಿಯಮ ಮಾತ್ರ ತಿರುವುಮುರುವಾಗಿದೆ.

ನಿಮ್ಮ ತೊಗರಿ ಹೊಲದ ಅಂಚಿನಲ್ಲಿ ಪಕ್ಕದವರು ಒಡ್ಡು ಕಟ್ಟಬೇಕೆನ್ನುತ್ತಾರೆ ಎಂದುಕೊಳ್ಳಿ. ಹೋಗುವುದು ಒಂದು ಪಟ್ಟಿ ನೆಲ, ನಿಲ್ಲುವ ನೀರು ಹಲವರಿಗೆ. ಹಾನಿ ಅಲ್ಪ, ಉಪಕಾರ ಬಹಳ ಎಂದಾದರೆ ಮಾಲೀಕ ತಡೆಯುವಂತಿಲ್ಲ. ಸ್ವಲ್ಪ ಜಾಗ ಹಿಡಿದು ಹೆಚ್ಚು ನೀರು ಕೊಡುವ ಬಾವಿಗೂ ಇದೇ ಮಾತು. ಆದರೆ ಒಡ್ಡು ಇಡೀ ಹೊಲವನ್ನೇ ನುಂಗಿದರೆ, ಅಥವಾ ಹೊಲ ನದಿಯ ಪಕ್ಕದಲ್ಲೇ ಇದ್ದು ಒಡ್ಡಿನಿಂದ ಹೆಚ್ಚಿನ ಪ್ರಯೋಜನವಿಲ್ಲದಿದ್ದರೆ, ತಡೆಯಬಹುದು. ಎರಡನೆಯ ಕಾರಣ ನನಗೆ ಬಹಳ ಜಾಣತನದ್ದೆನಿಸುತ್ತದೆ: ನೀರಿರುವಲ್ಲೇ ನೀರಿನ ನೆಪ ಹೇಳಿ ನೆಲ ಕೇಳುವಂತಿಲ್ಲ.

ಹಾಗಂತ ಹೇಳದೆ ಕೇಳದೆ ಕಟ್ಟಿದರೆ? ಅದರ ಫಲ ಕಟ್ಟಿದವನಿಗಲ್ಲ, ಹೊಲದ ಒಡೆಯನಿಗೆ. ಒಡೆಯನೇ ಇಲ್ಲದಿದ್ದರೆ ರಾಜನಿಗೆ. ಹಾಳುಬಿದ್ದ ಹಳೆಯ ಒಡ್ಡನ್ನು ಒಡೆಯನನ್ನು ಕೇಳದೆ ದುರಸ್ತಿ ಮಾಡಿದವನಿಗೂ ಫಲವಿಲ್ಲ ಎಂದು ನಾರದ ಸ್ಮೃತಿ ಹೇಳುತ್ತದೆ.

ಇದು ಹಳೆಯ ಶಾಸ್ತ್ರದ ಮಾತು. ಇಂದಿನ ಬದು ಜಗಳಕ್ಕೆ ತಹಸೀಲ್ದಾರರ ಮುಂದೆ ಈ ಶ್ಲೋಕ ಹಿಡಿದು ನಿಲ್ಲಬೇಡಿ.