ಗೋಡೆ ಇವರದಲ್ಲ, ನಷ್ಟ ಅವರದಲ್ಲ

ಕುಂಬಳೆಯಿಂದ ಬದಿಯಡ್ಕದ ಮೂಲಕ ಮುಳ್ಳೇರಿಯಕ್ಕೆ ಹೋಗುವ ರಸ್ತೆಯ ಬದಿಯಲ್ಲೊಂದು ಅಡಿಕೆ ಅಂಗಡಿ ಇದೆ ಎಂದುಕೊಳ್ಳಿ. ಕೆಂಪುಕಲ್ಲು ಹೇರಿಕೊಂಡು ಬಂದ ಲಾರಿಯೊಂದು ತಿರುಗಲು ಜಾಗ ಹುಡುಕುತ್ತಾ ಹಿಂದಕ್ಕೆ ಸರಿದು, ಶಟರನ್ನು ಎತ್ತುವ ಶ್ರಮವನ್ನೂ ತೆಗೆದುಕೊಳ್ಳದೆ ಅಂಗಡಿಯ ಒಳಗೆ ಪ್ರವೇಶಿಸುತ್ತದೆ. ಶಟರು ಮಡಚಿತು, ಒಂದು ಕಂಬ ಮುರಿಯಿತು, ಪಕ್ಕದ ಗೋಡೆ ಕುಸಿಯಿತು, ಮತ್ತು ಗೋಡೆಗೆ ಒರಗಿಸಿಟ್ಟಿದ್ದ ಚಾಲಿ ಅಡಿಕೆಯ ಗೋಣಿಗಳ ಮೇಲೆ ಲಾರಿಯ ಹಿಂಬದಿಯ ಬಾಗಿಲು ಬಿಚ್ಚಿಕೊಂಡು ಕೆಂಪುಕಲ್ಲುಗಳು ಉರುಳಿದವು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾಗಿದ್ದರೆ ವಿಷಯ ಇಷ್ಟು ಜಟಿಲವಾಗುತ್ತಿರಲಿಲ್ಲ ಎಂಬುದು ನಮ್ಮ ವಿಮಾ ವ್ಯವಸ್ಥೆಯ ಒಂದು ಸೊಗಸು.

ಅಂಗಡಿಯ ಯಜಮಾನರು ದೂರದೃಷ್ಟಿಯವರು. ಕಟ್ಟಡಕ್ಕೂ ದಾಸ್ತಾನಿಗೂ ಬೆಂಕಿ ವಿಮೆ ಮಾಡಿಸಿಟ್ಟಿದ್ದರು. ಹೆಸರು ಬೆಂಕಿಯದ್ದಾದರೂ ಹೊರಗಿನ ವಾಹನ ಬಂದು ಗುದ್ದಿದ ಹಾನಿಯೂ ಆ ಪಾಲಿಸಿಯಲ್ಲಿ ಸೇರಿರುತ್ತದೆ. ನಷ್ಟ ಅಳೆಯಲು ವಿಮಾ ಕಂಪನಿ ಕಳುಹಿಸಿದ ಸರ್ವೇಯರ್ ಬಂದರು, ಗೋಡೆಗೆ ಟೇಪು ಹಿಡಿದರು, ಗೋಣಿಗೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡಿದರು. ಪುಡಿಯಾದ ಚಾಲಿಯನ್ನು ಪಟೋರ ಎಂಬ ಕೆಳದರ್ಜೆಯ ಅಡಿಕೆಯ ದರಕ್ಕಾದರೂ ಮಾರಬಹುದಲ್ಲ ಎಂದು ಆ ಬೆಲೆಯನ್ನು ಕಳೆದರು. ಯಜಮಾನರ ಲೆಕ್ಕದಲ್ಲಿ 2,90,000 ರೂಪಾಯಿ ಇದ್ದ ನಷ್ಟ ಸರ್ವೇ ವರದಿಯಲ್ಲಿ 2,60,000 ಆಯಿತು. ಪಾಲಿಸಿಯಲ್ಲಿ ಬರೆದಿದ್ದಂತೆ ವಿಮೆ ಮಾಡಿಸಿದವರೇ ಹೊರಬೇಕಾದ 10,000 ಕಳೆದು 2,50,000 ರೂಪಾಯಿ ಬ್ಯಾಂಕಿಗೆ ಬಂತು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ಹಣ ಕೊಡುವ ಮೊದಲು ಅಂಗಡಿಯ ವಿಮಾ ಕಂಪನಿ ಯಜಮಾನರಿಂದ ಮುದ್ರಾಂಕ ಕಾಗದದ ಮೇಲೆ ಸಬ್ರೊಗೇಶನ್ ಪತ್ರವೊಂದಕ್ಕೆ ಸಹಿ ಹಾಕಿಸಿಕೊಂಡಿತ್ತು. ನಷ್ಟ ಮಾಡಿದವನಿಂದ ಹಣ ವಸೂಲು ಮಾಡಲು ಯಜಮಾನರಿಗಿದ್ದ ಹಕ್ಕು, ತಾನು ಕೊಟ್ಟ ಹಣದ ಮಟ್ಟಿಗೆ ಇನ್ನು ಮುಂದೆ ಕಂಪನಿಗೆ ಸಲ್ಲುತ್ತದೆ ಎಂಬುದು ಅದರ ತಿರುಳು. ಇದು ನ್ಯಾಯವೂ ಹೌದು. ಇಲ್ಲದಿದ್ದರೆ ಯಜಮಾನರು ಒಂದೇ ಗೋಡೆಗೆ ಎರಡು ಸಲ ಹಣ ಪಡೆದಾರು, ಅಥವಾ ಯಜಮಾನರು ವರ್ಷ ವರ್ಷ ಕಟ್ಟಿದ ಪ್ರೀಮಿಯಮ್ಮಿನಿಂದ ಲಾರಿಯವರು ಬಚಾವಾದಾರು. ಈ ಪತ್ರದ ಬಲದಿಂದ ಅಂಗಡಿಯ ವಿಮಾ ಕಂಪನಿಯು ಲಾರಿಯ ವಿಮಾ ಕಂಪನಿಗೆ ಒಂದು ವಸೂಲಿ ಪತ್ರ ಬರೆಯಿತು.

ಆ ಪತ್ರದಲ್ಲಿ ಏನೂ ಕೊರತೆ ಇರಲಿಲ್ಲ. ಅಪಘಾತದ ದಿನ, ಸ್ಥಳ, ಲಾರಿಯ ನೋಂದಣಿ ಸಂಖ್ಯೆ, ಪಾಲಿಸಿ ಸಂಖ್ಯೆ, ಚಾಲಕನ ಅಜಾಗರೂಕತೆ ಹೇಗೆ ಎಂಬ ವಿವರ, ಸರ್ವೇ ವರದಿ, ಹಣ ಸಂದಾಯವಾದ ದಾಖಲೆ, ಸಬ್ರೊಗೇಶನ್ ಪತ್ರದ ಪ್ರತಿ ಮತ್ತು ಪೊಲೀಸ್ ಠಾಣೆಯ ದಿನಚರಿಯಲ್ಲಿ ಘಟನೆ ದಾಖಲಾದ ಜಿ.ಡಿ. ಎಂಟ್ರಿ ಎಲ್ಲವೂ ಇದ್ದವು. ಮೊದಲ ಉತ್ತರ ಬರಲು ತಡವಾಗಲಿಲ್ಲ, ಏಕೆಂದರೆ ಅದು ಉತ್ತರವೇ ಆಗಿರಲಿಲ್ಲ. ಜಿ.ಡಿ. ಎಂಟ್ರಿ ಮಲಯಾಳದಲ್ಲಿದೆ, ಯಜಮಾನರ ಹೇಳಿಕೆ ಕನ್ನಡದಲ್ಲಿದೆ, ಎರಡಕ್ಕೂ ನೋಟರಿಯ ಮೊಹರಿರುವ ಇಂಗ್ಲಿಷ್ ಅನುವಾದ ಕಳುಹಿಸಿ ಎಂದು ಅದು ಕೇಳಿತ್ತು. ಕಾಸರಗೋಡಿನವರಿಗೆ ಇದು ಹೊಸತಲ್ಲ. ನಮ್ಮ ಬದುಕಿನ ಅರ್ಧ ಭಾಗ ಅನುವಾದದಲ್ಲಿ, ಇನ್ನರ್ಧ ಅದರ ಮೇಲಿನ ಮೊಹರಿನಲ್ಲಿ ಕಳೆಯುತ್ತದೆ. ಆದರೆ ಪಟ್ಟಿಯ ಕೊನೆಯಲ್ಲಿದ್ದ ಬೇಡಿಕೆಯನ್ನು ನಾನು ಎರಡು ಸಲ ಓದಬೇಕಾಯಿತು: ‘ನಮ್ಮ ಕಂಪನಿ ಸದರಿ ಲಾರಿಗೆ ನೀಡಿರುವ ಪಾಲಿಸಿಯ ದೃಢೀಕೃತ ಪ್ರತಿಯನ್ನು ಲಗತ್ತಿಸುವುದು.’ ತಾನೇ ಕೊಟ್ಟ ಪಾಲಿಸಿ ತನ್ನ ಕಪಾಟಿನಲ್ಲಿದೆಯೇ ಎಂದು ನೋಡುವುದಕ್ಕಿಂತ, ಲಾರಿ ಗುದ್ದಿಸಿಕೊಂಡ ಅಡಿಕೆ ವ್ಯಾಪಾರಿಯ ಬಳಿ ಇದೆಯೇ ಎಂದು ವಿಚಾರಿಸುವುದು ಅವರಿಗೆ ಸುಲಭವಾಗಿ ತೋರಿತ್ತು.

ಅನುವಾದಗಳು ಹೋದ ಮೇಲೆ ಬಂದ ಎರಡನೆಯ ಉತ್ತರದಲ್ಲಿ ನಿಜವಾದ ಪಾಂಡಿತ್ಯವಿತ್ತು. ‘ಕುಸಿದ ಗೋಡೆ ತಮ್ಮ ಕಂಪನಿಯ ಆಸ್ತಿಯಲ್ಲ. ನಮ್ಮ ಲಾರಿ ತಮ್ಮ ಕಂಪನಿಗೆ ಗುದ್ದಿದ ಬಗ್ಗೆ ಯಾವ ದಾಖಲೆಯೂ ಇಲ್ಲ. ತಮಗೆ ಹಣ ಕೇಳುವ ಅಧಿಕಾರವಿಲ್ಲ.’ ಸರಿ, ಗೋಡೆ ಯಾರದೋ ಅವರೇ ಕೇಳಲಿ ಎಂದು ಅದೇ ಬೇಡಿಕೆಯನ್ನು ಯಜಮಾನರ ಹೆಸರಿನಲ್ಲಿ ಕಳುಹಿಸಿದರು. ಅದಕ್ಕೆ ಬಂದ ಮೂರನೆಯ ಉತ್ತರ: ‘ತಮ್ಮ ನಷ್ಟವನ್ನು ತಮ್ಮ ವಿಮಾ ಕಂಪನಿ ಭರಿಸಿದೆಯೆಂದು ದಾಖಲೆಗಳಿಂದ ತಿಳಿದುಬರುತ್ತದೆ. ಆದ್ದರಿಂದ ತಮಗೆ ನಷ್ಟವೇ ಉಳಿದಿಲ್ಲ. ಬೇಡಿಕೆಯನ್ನು ಮುಕ್ತಾಯಗೊಳಿಸಲಾಗಿದೆ.’ ಗೋಡೆ ಕಳೆದುಕೊಂಡವರಿಗೆ ನಷ್ಟವಿಲ್ಲ, ನಷ್ಟ ತುಂಬಿದವರಿಗೆ ಗೋಡೆಯಿಲ್ಲ. ಅಂದರೆ ಈ ಲೋಕದಲ್ಲಿ ಲಾರಿಯ ಮೇಲೆ ಕೇಳುವ ಹಕ್ಕಿರುವವರು ಯಾರೂ ಇಲ್ಲ. ಲಾರಿ ಗುದ್ದಿದ್ದು ಶೂನ್ಯಕ್ಕೆ. ಅದ್ವೈತಿಗಳಿಗೂ ಇಷ್ಟು ಬೇಗ ಸಿದ್ಧಿಸದ ಸ್ಥಿತಿ ಇದು.

ಈ ಎರಡು ಉತ್ತರಗಳನ್ನೂ ಒಬ್ಬರೇ ಅಧಿಕಾರಿ ಸಹಿ ಮಾಡಿದ್ದರು ಎಂಬುದನ್ನು ಗಮನಿಸಬೇಕು. ನ್ಯಾಯಾಲಯಗಳು ಈ ಆಟವನ್ನು ಎಂದೋ ನಿಲ್ಲಿಸಿವೆ. ಲಾರಿಯಲ್ಲಿ ಸಾಗಿಸುತ್ತಿದ್ದ ನೂಲು ಅಪಘಾತದಲ್ಲಿ ಹಾಳಾದ ಪ್ರಕರಣವೊಂದರಲ್ಲಿ, ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಆರ್ಗನೈಸೇಶನ್ ಮತ್ತು ಚರಣ್ ಸ್ಪಿನ್ನಿಂಗ್ ಮಿಲ್ಸ್ ನಡುವೆ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಇದನ್ನು ಬಿಡಿಸಿ ಹೇಳಿತು. ಸಬ್ರೊಗೇಶನ್ ಪತ್ರ ಪಡೆದ ವಿಮಾ ಕಂಪನಿ ವಿಮೆ ಮಾಡಿಸಿದವರ ಹೆಸರಿನಲ್ಲಿ ಅಥವಾ ಅವರ ಜೊತೆ ಸೇರಿ ಕೇಳಬಹುದು, ಏಕೆಂದರೆ ಹಕ್ಕಿನ ಮೂಲ ವಿಮೆ ಮಾಡಿಸಿದವರೇ. ವಿಮೆಯ ಹಣ ಬಂದಿದೆ ಎಂಬುದು ತಪ್ಪು ಮಾಡಿದವನ ಪಾಲಿಗೆ ಗುರಾಣಿಯಾಗುವುದಿಲ್ಲ. ಆದುದರಿಂದ ಅಂಗಡಿಯ ವಿಮಾ ಕಂಪನಿ ಮೊದಲ ದಿನವೇ ಎರಡೂ ಹೆಸರುಗಳನ್ನು ಒಂದೇ ಪತ್ರದಲ್ಲಿ ಹಾಕಿ, ಪೂರ್ತಿ 2,90,000 ರೂಪಾಯಿಯನ್ನು ಒಟ್ಟಿಗೆ ಕೇಳಬೇಕಿತ್ತು. ಅದು ತನ್ನ 2,50,000ವನ್ನು ಮಾತ್ರ ಕೇಳಿ, ಯಜಮಾನರ ಕೈಬಿಟ್ಟು ಹೋದ 40,000ವನ್ನು ಮರೆತುಬಿಟ್ಟಿತ್ತು. ಮೂರನೆಯ ಉತ್ತರ ಬರೆದ ಅಧಿಕಾರಿಗೆ ಆ ಧೈರ್ಯ ಬಂದದ್ದು ಇಲ್ಲಿಂದ: ಆ ನಲವತ್ತು ಸಾವಿರ ಯಾವ ಕಾಗದದಲ್ಲೂ ಕಾಣಿಸಿಕೊಂಡಿರಲಿಲ್ಲ.

ನಾಲ್ಕನೆಯ ಉತ್ತರದ ಹೊತ್ತಿಗೆ ಲಾರಿಯ ಕಂಪನಿ ತನ್ನ ಪಾಲಿಸಿಯನ್ನು ತನ್ನಲ್ಲೇ ಹುಡುಕಿಕೊಂಡಿತು ಮತ್ತು ಅದನ್ನು ಓದಿ ಸಂತೋಷಪಟ್ಟಿತು. ಮೊದಲು, ‘ರಸ್ತೆಯ ಸನಿಹ ಕಟ್ಟಡವಿಟ್ಟುಕೊಂಡಿರುವುದರಿಂದ ಅಂಗಡಿಯವರ ಕಡೆಯಿಂದಲೂ ಭಾಗಶಃ ಅಜಾಗರೂಕತೆ’ ಎಂಬ ವಾಕ್ಯವೊಂದಿತ್ತು. ಅಂಗಡಿ ಘಟನೆಯ ವೇಳೆ ನಿಂತಲ್ಲೇ ಇತ್ತು ಎಂಬುದನ್ನು ಅವರೂ ಅಲ್ಲಗಳೆದಿರಲಿಲ್ಲ. ಆದರೂ ಲಾರಿ ಬರುವುದನ್ನು ಕಂಡು ಸ್ವಲ್ಪ ಸರಿಯಬಹುದಿತ್ತು ಎಂಬ ಆಶಯವಿದ್ದಂತಿತ್ತು. ಅದರ ಕೆಳಗೆ ಇದ್ದದ್ದು ಮುಖ್ಯ ಮಾತು: ಲಾರಿಯ ಪಾಲಿಸಿಯಲ್ಲಿ ಇತರರ ಆಸ್ತಿಗಾಗುವ ಹಾನಿಯ ಹೊಣೆ 6,000 ರೂಪಾಯಿಗೆ ಸೀಮಿತ.

ಇದು ಸುಳ್ಳಲ್ಲ. ಸರಕು ಲಾರಿಯ ಸಾಮಾನ್ಯ ಪಾಲಿಸಿಯಲ್ಲಿ ಆಸ್ತಿ ಹಾನಿಯ ಮಿತಿ ಏಳೂವರೆ ಲಕ್ಷ ರೂಪಾಯಿ ಇರುತ್ತದೆ. ಆದರೆ ಪ್ರೀಮಿಯಮ್ಮಿನಲ್ಲಿ ಒಂದೆರಡು ನೂರು ರೂಪಾಯಿ ಉಳಿಸಿಕೊಳ್ಳಲು ಆ ಮಿತಿಯನ್ನು 6,000ಕ್ಕೆ ಇಳಿಸಿಕೊಳ್ಳುವ ಅವಕಾಶವಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಬರೆದಿದ್ದ ಆ ಆರು ಸಾವಿರಕ್ಕೆ ಅಂದು ಒಂದು ಗೋಡೆ ಎದ್ದೀತೇನೋ. ಇಂದು ಅಷ್ಟಕ್ಕೆ ಬಿದ್ದ ಗೋಡೆಯ ಮಣ್ಣು ತೆಗೆಸುವುದೂ ಕಷ್ಟ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಲಾರಿಯ ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲಿ, ಮೂರನೆಯವರ ಹೊಣೆಯ ಅಂಕಣದ ಕೆಳಗೆ, ಐ.ಎಂ.ಟಿ. 20 ಎಂಬ ಹೆಸರಿನಲ್ಲಿ ಒಂದು ಸಣ್ಣ ಕಡಿತ ಕಂಡರೆ ಮುಗಿಯಿತು, ಮಿತಿ ಆರು ಸಾವಿರ. ವಸೂಲಿ ಪತ್ರ ಬರೆಯುವವರು ಮೊದಲು ನೋಡಬೇಕಾದ ಸಾಲು ಅದೇ. ಹಾಗೆ ನೋಡಿದ್ದರೆ ಪತ್ರ ಲಾರಿಯ ಮಾಲೀಕರಿಗೂ ಹೋಗುತ್ತಿತ್ತು, ಏಕೆಂದರೆ ಉಳಿದ 2,84,000 ರೂಪಾಯಿಯ ಹೊಣೆ ಅವರದೇ. ಸಣ್ಣ ಕಡಿತವನ್ನು ಏಜೆಂಟರು ‘ಯಜಮಾನ್ರೇ, ನಿಮಗೋಸ್ಕರ ಸ್ವಲ್ಪ ಕಡಿಮೆ ಮಾಡಿಸಿದ್ದೇನೆ’ ಎಂದು ಉಪಕಾರದಂತೆ ಹೇಳಿರುತ್ತಾರೆ.

ಈ ಆರು ಸಾವಿರ ಬಂದರೆ ಯಾರಿಗೆ ಎಂಬುದರ ಮೇಲೂ ಒಂದು ಪತ್ರ ವ್ಯವಹಾರ ನಡೆಯಿತು. ಅದೇ ಸಂವಿಧಾನ ಪೀಠದ ವಿವರಣೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ವಸೂಲಾದ ಹಣದಿಂದ ಮೊದಲು ವಿಮೆ ಮಾಡಿಸಿದವರ ತುಂಬದ ನಷ್ಟ ತುಂಬಬೇಕು, ಆಮೇಲೆ ವಿಮಾ ಕಂಪನಿಯ ಪಾಲು. ಯಜಮಾನರಿಗೆ ಇನ್ನೂ 40,000 ಬರಬೇಕಿದ್ದರಿಂದ ಆರು ಸಾವಿರವೂ ಅವರಿಗೇ ಸಲ್ಲಬೇಕಿತ್ತು. ಆದರೆ ಅವರು ಓದದೆ ಸಹಿ ಹಾಕಿದ ಸಬ್ರೊಗೇಶನ್ ಪತ್ರದ ಏಳನೆಯ ಸಾಲಿನಲ್ಲಿ ‘ವಸೂಲಾಗುವ ಮೊತ್ತವೆಲ್ಲವೂ ಕಂಪನಿಗೆ’ ಎಂದಿತ್ತು. ಹಣ ಕೈಗೆ ಬರುವ ಅವಸರದಲ್ಲಿ ಆ ಸಾಲನ್ನು ಓದುವ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ‘ಯಜಮಾನರ ತುಂಬದ ನಷ್ಟ ತುಂಬಿದ ಮೇಲೆ’ ಎಂದು ಒಂದು ಮಾತು ಸೇರಿಸಿ ಎಂದು ಆಗ ಕೇಳಿದ್ದರೆ ಕಂಪನಿ ನಾಚಿಕೆಗಾದರೂ ಒಪ್ಪುತ್ತಿತ್ತೇನೋ.

ಇಷ್ಟೆಲ್ಲ ಕಾಗದ ಓಡಾಡುವಾಗ ಕಾಲ ಸುಮ್ಮನೆ ಕೂತಿರಲಿಲ್ಲ. ವಸೂಲಿ ಪತ್ರ ಎಷ್ಟೇ ಖಾರವಾಗಿದ್ದರೂ ಅದು ಒಂದು ಕೋರಿಕೆ. ಲಾರಿಯ ವಿಮಾ ಕಂಪನಿಯನ್ನು ಕಟ್ಟಿಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪು ಮಾತ್ರ, ಮತ್ತು ಅಲ್ಲಿ ಅರ್ಜಿ ಹಾಕಬೇಕಾದವರು ಹಾಳಾದ ಆಸ್ತಿಯ ಮಾಲೀಕರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿವೆ ಎಂಬುದು ಬೇರೆ ಮಾತು. ಪತ್ರ ಬರೆದರೆ ಗಡುವು ನಿಲ್ಲುವುದಿಲ್ಲ. ಲಾರಿಯ ಕಂಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದುದರಿಂದಲೇ ಅವರ ಪ್ರತಿ ಉತ್ತರವೂ ‘ಪರಿಶೀಲನೆಯಲ್ಲಿದೆ’ ಎಂಬ ಮಧುರವಾದ ಮಾತಿನಿಂದ ಮುಗಿಯುತ್ತಿತ್ತು.

ಆರನೆಯ ತಿಂಗಳ ಕೊನೆಯ ವಾರ ಅಂಗಡಿಯ ಕಂಪನಿಯ ವಕೀಲರು ಅವಸರದಲ್ಲಿ ಅರ್ಜಿ ಸಿದ್ಧಪಡಿಸಿ ಯಜಮಾನರನ್ನು ಕಾಸರಗೋಡಿಗೆ ಕರೆಸಿಕೊಂಡರು. ಎದುರು ಪಕ್ಷದಲ್ಲಿ ಚಾಲಕ, ಲಾರಿಯ ಮಾಲೀಕ ಮತ್ತು ಅದರ ವಿಮಾ ಕಂಪನಿ, ಮೂವರ ಹೆಸರೂ ಇದ್ದವು. ನೋಟಿಸು ತಲುಪಿದ ಸಂಜೆಯೇ ಲಾರಿಯ ಮಾಲೀಕರು ಫೋನು ಮಾಡಿದರು. ‘ಅಣ್ಣಾ, ನಿಮಗೆ ಇನ್ಶೂರೆನ್ಸಿನ ದುಡ್ಡು ಬಂದಾಗಿದೆಯಂತಲ್ಲ, ಮತ್ತೆ ನನ್ನ ಮೇಲೇಕೆ ಕೇಸು? ನನ್ನ ಇನ್ಶೂರೆನ್ಸಿನವರೂ ಹಾಗೇ ಹೇಳಿದರು.’ ಯಜಮಾನರು ತಾಳ್ಮೆಯಿಂದ, ಕೇಸು ತಮ್ಮದಲ್ಲ, ಹೆಸರು ಮಾತ್ರ ತಮ್ಮದು ಎಂದು ವಿವರಿಸಿದರು. ‘ಹಾಗಾದರೆ ಕೇಸು ಯಾರದ್ದು?’ ಎಂದು ಅವರು ಕೇಳಿದ ಪ್ರಶ್ನೆಯನ್ನೇ ಲಾರಿಯ ವಿಮಾ ಕಂಪನಿಯೂ ತನ್ನ ಲಿಖಿತ ಆಕ್ಷೇಪಣೆಯಲ್ಲಿ ಮೊದಲನೆಯ ಅಂಶವಾಗಿ ಎತ್ತಿತು, ಮತ್ತು ಅದಕ್ಕೆ ಆಧಾರವಾಗಿ ತನ್ನದೇ ಎರಡನೆಯ ಹಾಗೂ ಮೂರನೆಯ ಉತ್ತರಗಳ ಪ್ರತಿಗಳನ್ನು, ಈ ಸಲ ದೃಢೀಕರಿಸಿ, ಲಗತ್ತಿಸಿತು.