ಹೇಳಿದವನೇ ಚಿತ್ರಕಾರ

ಪಾಪ, ಜೇಸನ್ ಅಲೆನ್. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಮೇಳದಲ್ಲಿ ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಯಂತ್ರ ಮಿಡ್‌ಜರ್ನಿಯಿಂದ ತೆಗೆಸಿದ ಚಿತ್ರಕ್ಕೆ ಮೊದಲ ಬಹುಮಾನ, 300 ಡಾಲರ್ ಗೆದ್ದು ಊರೆಲ್ಲ ಬೈಸಿಕೊಂಡರಲ್ಲ, ಅದೇ ಪುಣ್ಯಾತ್ಮ. ಈಗ ಅವರ ಸಂಕಟ ಏನಪ್ಪಾ ಅಂದರೆ, ಆ ಚಿತ್ರವನ್ನು ಜನ ಹೇಳದೆ ಕೇಳದೆ ಎತ್ತಿಕೊಂಡು ಹೋಗುತ್ತಿದ್ದಾರಂತೆ. ಕಾಸೂ ಕೊಡುವುದಿಲ್ಲವಂತೆ! ಮಿಡ್‌ಜರ್ನಿಯ ಸ್ಥಾಪಕ ಡೇವಿಡ್ ಹೋಲ್ಜ್ ಅದೇ ವರ್ಷ ಒಂದು ಸಂದರ್ಶನದಲ್ಲಿ ಯಂತ್ರಕ್ಕೆ ಕಲಿಸಲು ಚಿತ್ರಗಳನ್ನು ಬಳಸುವಾಗ ಕಲಾವಿದರ ಒಪ್ಪಿಗೆ ಕೇಳಿಲ್ಲವೆಂದೂ, ಹತ್ತು ಕೋಟಿ ಚಿತ್ರ ತಂದರೆ ಯಾವುದು ಎಲ್ಲಿಯದು ಅಂತ ತಿಳಿಯುವ ದಾರಿಯಿಲ್ಲವೆಂದೂ ಆರಾಮಾಗಿ ಹೇಳಿದ್ದರು. ಅದಕ್ಕೆ ಯಾರೂ ಕೋರ್ಟು ಹತ್ತಬಾರದು. ಅಲೆನ್ ತಮ್ಮ ಚಿತ್ರಕ್ಕೆ ಕಾಪಿರೈಟ್ ಬೇಕೆಂದು ಹತ್ತಿದ್ದಾರೆ.

ಶ್ರಮವನ್ನು ಅಲ್ಲಗಳೆಯುವಂತಿಲ್ಲ. ಕನಿಷ್ಠ 624 ಸಲ ಪ್ರಾಂಪ್ಟ್, ಅಂದರೆ ಏನು ಬೇಕೆಂದು ಯಂತ್ರಕ್ಕೆ ಟೈಪು ಮಾಡುವ ಮಾತು, ತಿದ್ದಿದ್ದಾರೆ, ಆಮೇಲೆ ಫೋಟೋಶಾಪ್‌ನಲ್ಲಿ ಅಲ್ಲಿ ಇಲ್ಲಿ ಸರಿಮಾಡಿದ್ದಾರೆ. ಅಮೆರಿಕದ ಕಾಪಿರೈಟ್ ಕಚೇರಿ 2023ರ ಸೆಪ್ಟೆಂಬರಿನಲ್ಲಿ ಹೇಳಿದ್ದು ಇಷ್ಟೇ: ಮಿಡ್‌ಜರ್ನಿ ಬಿಡಿಸಿದ ಭಾಗ ನನ್ನದಲ್ಲ ಅಂತ ಬರೆದುಕೊಡಿ, ಮಿಕ್ಕಿದ್ದನ್ನು ನೋಡೋಣ. ಅಲೆನ್ ಒಪ್ಪಲಿಲ್ಲ. ಒಪ್ಪಿದರೆ ಮಿಗುವುದೇನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಚೇರಿಯ ತರ್ಕ ಸರಳ. ಒಂದೇ ಪ್ರಾಂಪ್ಟನ್ನು ಎರಡು ಸಲ ಕೊಟ್ಟು ನೋಡಿ. ಮೊದಲ ಸಲ ನಾಲ್ಕು ಚಿತ್ರ ಬರುತ್ತವೆ, ಎರಡನೇ ಸಲ ಬೇರೆಯೇ ನಾಲ್ಕು. ಬೆಳಕು ಎಡದಿಂದಲೋ ಬಲದಿಂದಲೋ, ಸೆರಗಿನ ನೆರಿಗೆ ಎಲ್ಲಿ ಮುರಿಯಬೇಕು, ನೀವು ಹೇಳಿರುವುದೇ ಇಲ್ಲ. ಬಂದದ್ದರಲ್ಲಿ ಒಂದನ್ನು ಆರಿಸಿದ್ದೀರಿ. ಕೈಯಿಂದ ಬಿಡಿಸುವವನಿಗೆ ಆ ನೆರಿಗೆಯನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೆಟ್ಟದಾಗಿಯಾದರೂ ಅವನೇ ಎಳೆಯಬೇಕು. ಹೇಳಿ ಬರೆಸಿದವರೆಲ್ಲ ಚಿತ್ರಕಾರರಾಗಿದ್ದರೆ ಅರಮನೆಯ ಗೋಡೆಗಳ ತುಂಬ ಮಹಾರಾಜರದೇ ಸಹಿ ಇರುತ್ತಿತ್ತು.

ಇನ್ನು ಗ್ರೆಗ್ ರುಟ್ಕೋವ್‌ಸ್ಕಿ. ಪೋಲೆಂಡಿನ ಈ ಚಿತ್ರಕಾರ ಡ್ರ್ಯಾಗನ್, ಕೋಟೆ, ಯುದ್ಧಗಳನ್ನು ಬರೆದು ಹೆಸರಾದವರು. ಆ ಹೆಸರೇ ಪ್ರಾಂಪ್ಟಿನ ಮಸಾಲೆಯಾಗಿ ಸಾವಿರಾರು ಜನ ಟೈಪು ಮಾಡತೊಡಗಿದರು. ರುಟ್ಕೋವ್‌ಸ್ಕಿ ಬೇಸರಪಟ್ಟರು. 2022ರ ಕೊನೆಗೆ ಮಿಡ್‌ಜರ್ನಿಯಂಥದೇ ಇನ್ನೊಂದು ಯಂತ್ರ ಸ್ಟೇಬಲ್ ಡಿಫ್ಯೂಷನ್‌ನ ಎರಡನೇ ಆವೃತ್ತಿ ಬಂದಾಗ ಹೆಸರು ಹಾಕಿದರೂ ಆ ಶೈಲಿ ಬಾರದಾಯಿತು. ಬಳಕೆದಾರರಿಗೆ ಸಿಟ್ಟು! ಅವರಲ್ಲೇ ಯಾರೋ ರುಟ್ಕೋವ್‌ಸ್ಕಿಯ ಶೈಲಿಯನ್ನು ಮತ್ತೆ ಕಲಿಸುವ ಪುಟ್ಟ ಕಡತ ತಯಾರಿಸಿ ಹಂಚಿದರು. ಮನುಷ್ಯ ಬೇಡ ಅಂದಿದ್ದಾನೆ, ಕಿವಿಗೆ ಬಿದ್ದಿದೆ, ಆದರೂ ಮಾಡಿದರು. ಇದಕ್ಕೆ ಕಲೆಯ ಪ್ರಜಾಪ್ರಭುತ್ವೀಕರಣ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಒಬ್ಬನ ಜೀವಮಾನದ ಕೈಚಳಕವನ್ನು ದೋಚುವುದಕ್ಕೆ ಇಷ್ಟು ದೊಡ್ಡ ಹೆಸರು ಬೇಡ.

ಇರಲಿ. ನಗುವಂಥದ್ದೂ ಒಂದಿದೆ. ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ 2024ರಲ್ಲಿ ಒಂದು ಸ್ಪರ್ಧೆಯ ಎಐ ವಿಭಾಗಕ್ಕೆ ಕ್ಯಾಮೆರಾದಲ್ಲೇ ತೆಗೆದ ಫ್ಲೆಮಿಂಗೊ ಫೋಟೋ ಕಳಿಸಿದ. ಹಕ್ಕಿ ಕತ್ತನ್ನು ಹೊಟ್ಟೆಯ ಕೆಳಗೆ ತೂರಿಸಿಕೊಂಡಿತ್ತು. ತಲೆಯೇ ಇಲ್ಲ, ಗುಲಾಬಿ ಮುದ್ದೆಗೆ ಎರಡು ಕಾಲು. ತೀರ್ಪುಗಾರರು ಮೂರನೇ ಬಹುಮಾನ ಕೊಟ್ಟರು, ಜನರೂ ಅದಕ್ಕೇ ಮತ ಹಾಕಿದರು. ನಿಜ ತಿಳಿಸಿದ್ದೇ ತಡ, ಅನರ್ಹ. ಎಐ ಸ್ಪರ್ಧಿಗಳ ಗೆಲ್ಲುವ ಅವಕಾಶಕ್ಕೆ ಅಡ್ಡಿಯಾಗಬಾರದಂತೆ. ಬೇರೆಯವರ ಪಾಲು ಕಸಿಯಬಾರದು ಅನ್ನುವ ಸೂಕ್ಷ್ಮ ಆ ವಿಭಾಗದಲ್ಲಾದರೂ ಜೀವಂತವಾಗಿದೆ, ಸಂತೋಷ.