ಅವ್ವನ ಪಾವು ಕಿಲೋ, ನನ್ನ ನೂರು ಗ್ರಾಂ

ಮೆಲ್ಬರ್ನ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ನನಗೊಂದು ಚಟ ಅಂಟಿಕೊಂಡಿದೆ. ಅಂಗಡಿಯಲ್ಲಿ ದೊಡ್ಡ ಅಕ್ಷರದ ಬೆಲೆ ನೋಡುವುದಿಲ್ಲ, ಅದರ ಕೆಳಗಿನ ಸಣ್ಣ ಅಕ್ಷರ ನೋಡುತ್ತೇನೆ. ‘100 ಗ್ರಾಂಗೆ ಇಷ್ಟು’ ಎಂದು ಅಲ್ಲಿ ಬರೆದಿರುತ್ತದೆ. ಆಸ್ಟ್ರೇಲಿಯಾದಲ್ಲಿ 2009ರ ಕೊನೆಯಿಂದ ದೊಡ್ಡ ದಿನಸಿ ಅಂಗಡಿಗಳು ಇದನ್ನು ಹಾಕಲೇಬೇಕು. ತರಕಾರಿ, ಮಾಂಸಕ್ಕೆ ಕಿಲೋ ಲೆಕ್ಕ, ಮಸಾಲೆಗೆ 10 ಗ್ರಾಂ ಲೆಕ್ಕ, ಉಳಿದ ಬಹುಪಾಲು ತಿನ್ನುವ ಸಾಮಾನಿಗೆ 100 ಗ್ರಾಂ. ಪೊಟ್ಟಣ ಯಾವ ಗಾತ್ರದ್ದೇ ಇರಲಿ, ಎರಡು ಅಂಕಿ ನೋಡಿದರೆ ಮುಗಿಯಿತು. ಹನ್ನೊಂದು ವರ್ಷ ಹೀಗೆ ಮಾಡಿದವನ ತಲೆ ಎಷ್ಟು ಸೋಮಾರಿ ಆಗಿರುತ್ತದೆ ಎನ್ನುವುದು ಕಳೆದ ರಜೆಯಲ್ಲಿ ವಿಜಯಪುರಕ್ಕೆ ಹೋದಾಗ ಗೊತ್ತಾಯಿತು.

ಮನೆಯಲ್ಲಿ ಚಹಾಪುಡಿ ಮುಗಿದಿತ್ತು. ಅವ್ವ ಓಣಿಯ ಕಿರಾಣಿ ಅಂಗಡಿಯಿಂದ ಹತ್ತು ರೂಪಾಯಿಯ ಪಾಕೀಟುಗಳ ಒಂದು ಸರವನ್ನೇ ತರಿಸುತ್ತಾಳೆ. ಬಾಗಿಲ ಮೊಳೆಗೆ ನೇತು ಹಾಕಿ, ಬೇಕಾದಾಗ ಒಂದೊಂದು ಹರಿದುಕೊಳ್ಳುತ್ತಾಳೆ. ನನಗೆ ಅದು ಕಂಡರೆ ಆಗದು. “ಅವ್ವ, ಚಿಲ್ಲರೆ ಪಾಕೀಟು ಯಾವತ್ತೂ ತುಟ್ಟಿ. ಒಂದು ಕಿಲೋದ್ದು ತರ್ತೀನಿ” ಎಂದು ಗಾಂಧಿ ಚೌಕದ ಕಡೆ ಹೊರಟೆ. ಅವ್ವ ಏನೂ ಅನ್ನಲಿಲ್ಲ.

ದೊಡ್ಡ ಅಂಗಡಿಯಲ್ಲಿ ಅದೇ ಹೆಸರಿನ ಚಹಾ ಮೂರು ಗಾತ್ರದಲ್ಲಿತ್ತು. 250 ಗ್ರಾಂಗೆ ಎಂಆರ್‌ಪಿ 150 ರೂಪಾಯಿ, 500 ಗ್ರಾಂಗೆ 290, ಒಂದು ಕಿಲೋಗೆ 560. ನಮ್ಮಲ್ಲೂ ಈಗ ಪೊಟ್ಟಣದ ಮೇಲೆ ಬಿಡಿ ಅಳತೆಯ ಬೆಲೆ ಅಚ್ಚು ಮಾಡಬೇಕು. ಪೊಟ್ಟಣ ಸಾಮಾನಿನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಬಂತು. ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಮೊದಲು ಚಹಾ, ಎಣ್ಣೆ, ಹಿಟ್ಟುಗಳನ್ನು ಗೊತ್ತುಮಾಡಿದ ಗಾತ್ರಗಳಲ್ಲೇ ಮಾರಬೇಕಿತ್ತು, ಆ ಕಟ್ಟು ತೆಗೆದರು. ಈಗ 20 ಗ್ರಾಂ, 430 ಗ್ರಾಂ, 870 ಗ್ರಾಂ, ಯಾವ ಅಳತೆಯೂ ನಡೆಯುತ್ತದೆ. ಬಿಡಿ ಬೆಲೆ ಬೇಕಾದದ್ದೇ ಅದಕ್ಕೆ.

ಆದರೆ ಬರೆಯುವ ರೀತಿ ನೋಡಿ. ಒಂದು ಕಿಲೋಗಿಂತ ಕಮ್ಮಿ ಇದ್ದರೆ ಗ್ರಾಂಗೆ ಇಷ್ಟು, ಜಾಸ್ತಿ ಇದ್ದರೆ ಕಿಲೋಗೆ ಇಷ್ಟು. ಹಾಗಾಗಿ 250ರ ಮೇಲೆ 0.60, 500ರ ಮೇಲೆ 0.58 ಎಂದಿತ್ತು. ಒಂದು ಕಿಲೋದ್ದರ ಮೇಲೆ ಬೇರೆ ಅಂಕಿಯೇ ಇಲ್ಲ, ಅದರ ಬೆಲೆಯೇ ಕಿಲೋ ಬೆಲೆ ಅಲ್ವಾ? 0.58 ಒಂದು ಕೈಯಲ್ಲಿ, 560 ಇನ್ನೊಂದು ಕೈಯಲ್ಲಿ. ಇವೆರಡನ್ನು ಒಂದೇ ತಕ್ಕಡಿಗೆ ತರಲು ನೂರು ಗ್ರಾಂ ಬೇಕು. ಗ್ರಾಂ ಬೆಲೆಯ ಚುಕ್ಕೆಯನ್ನು ಎರಡು ಮನೆ ಬಲಕ್ಕೆ ಸರಿಸಿ: 58. ಕಿಲೋ ಬೆಲೆಯ ಚುಕ್ಕೆಯನ್ನು ಒಂದು ಮನೆ ಎಡಕ್ಕೆ: 56. ಒಟ್ಟು 60, 58, 56. ದೊಡ್ಡದೇ ಸೋವಿ ಎಂದು ಒಂದು ಕಿಲೋ ಎತ್ತಿಕೊಂಡು ಬಂದೆ.

ಮನೆಗೆ ಬಂದ ಮೇಲೆ ವೈನಿ ಬಿಲ್ಲು ನೋಡಿದರು. “ಅರ್ಧ ಕಿಲೋದ್ದು ಎಷ್ಟಕ್ಕ ಕೊಡ್ತಿದ್ರು?” ಅಂದರು. ಆಗ ನೆನಪಾಯಿತು. ಅಲ್ಲಿ ಯಾವುದನ್ನೂ ಎಂಆರ್‌ಪಿಗೆ ಮಾರುತ್ತಿರಲಿಲ್ಲ. ಕಿಲೋದ್ದು 540ಕ್ಕೆ, 500ರದ್ದು 260ಕ್ಕೆ, 250ರದ್ದು 145ಕ್ಕೆ ಇತ್ತು. ಕೊಡುವ ದುಡ್ಡಿನಲ್ಲಿ ಲೆಕ್ಕ ಹಾಕಿದರೆ ನೂರು ಗ್ರಾಂಗೆ 54, 52, 58. ಎರಡು ಅರ್ಧ ಕಿಲೋ ತಂದಿದ್ದರೆ 520ಕ್ಕೆ ಕಿಲೋ ಚಹಾ ಬರುತ್ತಿತ್ತು. ಪೊಟ್ಟಣದ ಮೇಲಿನ ಬಿಡಿ ಬೆಲೆ ಎಂಆರ್‌ಪಿಯದ್ದು. ಅಂಗಡಿಯವರು ಇಳಿಸಿದ ಬೆಲೆ ಅದಕ್ಕೆ ಗೊತ್ತಿಲ್ಲ. ಮೆಲ್ಬರ್ನ್‌ನಲ್ಲಿ ಆ ಅಂಕಿ ಕಪಾಟಿನ ಚೀಟಿಯ ಮೇಲೆ ಇರುತ್ತದೆ, ಬೆಲೆ ಇಳಿದರೆ ಅದೂ ಇಳಿಯುತ್ತದೆ. ಊರಿನಲ್ಲಿ ಅದು ಕಾರ್ಖಾನೆಯಲ್ಲೇ ಅಚ್ಚಾಗಿ ಬಂದಿರುತ್ತದೆ. ಈ ಒಂದು ವ್ಯತ್ಯಾಸವೇ ನನಗೆ ಇಪ್ಪತ್ತು ರೂಪಾಯಿಯ ಪಾಠ ಕಲಿಸಿತು.

ಅಷ್ಟು ಹೊತ್ತಿಗೆ ಅವ್ವ ಸರದಿಂದ ಒಂದು ಪಾಕೀಟು ಹರಿದು ಮುಂದಿಟ್ಟಳು. “ಇದ್ರಾಗ ಎಷ್ಟ ಐತಿ ಓದು.” 20 ಗ್ರಾಂ. ಹತ್ತು ರೂಪಾಯಿಗೆ 20 ಗ್ರಾಂ ಅಂದರೆ ನೂರು ಗ್ರಾಂಗೆ 50. ಎಲ್ಲಕ್ಕಿಂತ ಸೋವಿ! ಅವ್ವ ಇದನ್ನು ನೂರು ಗ್ರಾಂನಲ್ಲಿ ಮಾಡಿರಲಿಲ್ಲ. ಅವಳದು ಪಾವು ಕಿಲೋ ಲೆಕ್ಕ. ಹನ್ನೆರಡೂವರೆ ಪಾಕೀಟಿಗೆ ಪಾವು ಕಿಲೋ, ಅಂದರೆ 125 ರೂಪಾಯಿ. ಅಂಗಡಿಯ ಪಾವು ಕಿಲೋ 145. ಬೆರಳೆಣಿಸುತ್ತಲೇ ಹೇಳಿದಳು.

ಚಿಕ್ಕದು ಯಾಕೆ ಸೋವಿ? ಐದು, ಹತ್ತು ರೂಪಾಯಿಯ ಪಾಕೀಟು ನಮ್ಮಲ್ಲಿ ಬೇರೆಯೇ ಪೈಪೋಟಿ. ಅಲ್ಲಿ ಬೆಲೆ ಮುಟ್ಟುವ ಹಾಗಿಲ್ಲ, ಹನ್ನೊಂದು ಮಾಡಿದರೆ ಗಿರಾಕಿ ಪಕ್ಕದ ಸರಕ್ಕೆ ಕೈ ಹಾಕುತ್ತಾನೆ. ಹಾಗಾಗಿ ಲಾಭ ಕಮ್ಮಿ ಇಟ್ಟುಕೊಂಡು ಕೊಡುತ್ತಾರೆ. ಶಾಂಪೂ ಪಾಕೀಟು ಎಷ್ಟೋ ಸಲ ಬಾಟಲಿಗಿಂತ ಸೋವಿ ಬೀಳುವುದೂ ಹೀಗೇ. ಒಂದು ಮಾತು ಮಾತ್ರ ನೋಡಬೇಕು: ಒಳಗಿರುವುದು ಅದೇ ಚಹಾನಾ? ಒಂದೇ ಕಂಪನಿಯ ಎರಡು ಮೂರು ತರದ ಪುಡಿಗೆ ಒಂದೇ ಬಣ್ಣದ ಹೊದಿಕೆ ಇರುತ್ತದೆ. ನಾನು ಎರಡೂ ಹೆಸರು ಅಕ್ಷರ ಅಕ್ಷರ ಓದಿದೆ. ಒಂದೇ ಇತ್ತು. ಪ್ಲಾಸ್ಟಿಕ್ ಕಸದ ಮಾತು ಎತ್ತಿದೆ, ಅವ್ವ ಕೇಳಿಸಿಕೊಳ್ಳಲಿಲ್ಲ.

ಗ್ರಾಂ ಲೆಕ್ಕದ ಬಗ್ಗೆ ನನಗೆ ಇನ್ನೊಂದು ತಕರಾರು ಇದೆ. ಚಹಾದಂಥ ತುಟ್ಟಿ ಸಾಮಾನಿಗೆ ಅದು ಹೇಗೋ ನಡೆಯುತ್ತದೆ, ಅಗ್ಗದ ಸಾಮಾನಿಗೆ ಸಾಲದು. ಬೆಲೆಯನ್ನು ಎರಡು ದಶಾಂಶಕ್ಕೆ ತಂದು ನಿಲ್ಲಿಸುತ್ತಾರೆ. ವೈನಿಯ ಅಡುಗೆಮನೆಯಲ್ಲೇ ಎರಡು ಕಂಪನಿಯ ಅರ್ಧ ಕಿಲೋ ರವಾ ಇತ್ತು. ಒಂದು 28 ರೂಪಾಯಿ, ಇನ್ನೊಂದು 32. ಎರಡರ ಮೇಲೂ ಗ್ರಾಂಗೆ 0.06 ಎಂದೇ ಇತ್ತು! ಮೊದಲನೆಯದು 0.056, ಎರಡನೆಯದು 0.064, ಎರಡೂ ದುಂಡಗಾಗಿ ಒಂದೇ ಆಗಿವೆ. ನೂರು ಗ್ರಾಂಗೆ ಬರೆದಿದ್ದರೆ 5.60 ಮತ್ತು 6.40 ಎಂದು ಎದ್ದು ಕಾಣುತ್ತಿತ್ತು. ಕಿಲೋಗೆ ಎಂಟು ರೂಪಾಯಿಯ ಅಂತರ ಸುಮ್ನೆ ಮಾಯ. ಉಪ್ಪು, ರವಾ, ಹಿಟ್ಟು ಕೊಳ್ಳುವಾಗ ಆ ಸಣ್ಣ ಅಕ್ಷರ ನಂಬಬೇಡಿ. ಬೆಲೆಯನ್ನು ನೂರರಿಂದ ಗುಣಿಸಿ ಗ್ರಾಂನಿಂದ ಭಾಗಿಸಿ. ಅರ್ಧ ಕಿಲೋ ಆದರೆ ಇನ್ನೂ ಸಲೀಸು, ಬೆಲೆಯನ್ನು ಐದರಿಂದ ಭಾಗಿಸಿದರಾಯಿತು.

ಹಾಗಂತ ಇಲ್ಲಿನದೆಲ್ಲ ಚೆಂದ ಅಂತಲ್ಲ. ಜೋಳದ ಹಿಟ್ಟು, ಶೇಂಗಾ ಕೊಳ್ಳಲು ನಾನು ಹೋಗುವ ಭಾರತೀಯ ಅಂಗಡಿ ಚಿಕ್ಕದು, ಅಂಥವಕ್ಕೆ ಈ ನಿಯಮ ಇಲ್ಲ. ಅಲ್ಲಿ ನಾನೂ ಮೊಬೈಲ್ ತೆಗೆದು ಭಾಗಾಕಾರ ಮಾಡುತ್ತಾ ನಿಲ್ಲುತ್ತೇನೆ. ದೊಡ್ಡ ಅಂಗಡಿಯ ಚೀಟಿಯಾದರೂ ಅರ್ಧ ಕತೆಯನ್ನಷ್ಟೇ ಹೇಳುತ್ತದೆ. ಎರಡು ಕಿಲೋ ಹಿಟ್ಟು ಅಗ್ಗ ಎಂದು ತಂದು, ಅದರಲ್ಲಿ ಅರ್ಧ ಕಿಲೋಗೆ ನುಸಿ ಹತ್ತಿ ಚೆಲ್ಲಿದರೆ, ಬೆಲೆಯನ್ನು ತಿಂದ ಒಂದೂವರೆ ಕಿಲೋಗೆ ಹಂಚಬೇಕು.

ಹೋದ ವಾರ ಫೋನು ಮಾಡಿದಾಗ ಅವ್ವ ಅಂದಳು: “ಸರ ಬಿಟ್ಟೀನೋ. ಈಗ ಪಾಕೀಟಿನ್ಯಾಗ ಹದಿನೆಂಟ ಗ್ರಾಂ ಅಷ್ಟ ಹಾಕ್ಯಾರ.” ಹತ್ತು ರೂಪಾಯಿ ಅದೇ, ಪಾಕೀಟಿನ ಉದ್ದಗಲ ಅದೇ. ನಾನು ಲೆಕ್ಕ ಹಾಕಿದೆ, ನೂರು ಗ್ರಾಂಗೆ 55 ರೂಪಾಯಿ 56 ಪೈಸೆ. ಈಗ ವೈನಿಯ ಅರ್ಧ ಕಿಲೋದ್ದೇ ಮುಂದೆ. ನಾನು ತಂದ ಒಂದು ಕಿಲೋ ಇನ್ನೂ ಡಬ್ಬಿಯಲ್ಲಿದೆಯಂತೆ, ವಾಸನೆ ಹೋಗಿದೆಯಂತೆ.